ಜೇಡಿಯೋ ಕಬ್ಬಿಣವೋ: ಎರಡು ಭಾಗಾಕಾರಗಳ ನಕ್ಷೆ

1982ರಲ್ಲಿ ಅಮೆರಿಕ ಹಾರಿಸಿದ ಲ್ಯಾಂಡ್‌ಸ್ಯಾಟ್ 4 ಉಪಗ್ರಹದಲ್ಲಿ ಥೀಮ್ಯಾಟಿಕ್ ಮ್ಯಾಪರ್ ಎಂಬ ಉಪಕರಣವಿತ್ತು. ನೆಲದಿಂದ ಮರಳುವ ಬೆಳಕನ್ನು ಅದು ಏಳು ಪಟ್ಟಿಗಳಾಗಿ, ಅಂದರೆ ಏಳು ಬ್ಯಾಂಡ್‌ಗಳಾಗಿ, ಬಿಡಿಸಿ ಅಳೆಯುತ್ತಿತ್ತು. ಒಂದನೆಯದು ನೀಲಿ, ಎರಡನೆಯದು ಹಸಿರು, ಮೂರನೆಯದು ಕೆಂಪು. ನಾಲ್ಕು ಮತ್ತು ಐದು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನವು. ಆರನೆಯದು ನೆಲದ ಕಾವನ್ನು ಅಳೆಯುವ ಬ್ಯಾಂಡ್, ಅದರ ತರಂಗಾಂತರ ಹತ್ತು ಮೈಕ್ರಾನಿಗೂ ಹೆಚ್ಚು. ಇಲ್ಲಿಯವರೆಗೆ ಸಂಖ್ಯೆ ಏರಿದಂತೆ ತರಂಗಾಂತರವೂ ಏರುತ್ತದೆ. ಏಳನೆಯದಕ್ಕೆ ಬಂದರೆ ಈ ಕ್ರಮ ಮುರಿದು, ತರಂಗಾಂತರ ತಟ್ಟನೆ 2.08ರಿಂದ 2.35 ಮೈಕ್ರಾನಿಗೆ ಇಳಿಯುತ್ತದೆ. ಐದು ಮತ್ತು ಆರರ ನಡುವೆ ಇರಬೇಕಾದದ್ದು ಕೊನೆಗೆ ಬಂದು ಕುಳಿತಿದೆ.

ಇದಕ್ಕೆ ಕಾರಣ ಸರಳ. ಉಪಕರಣದ ಯೋಜನೆ ಬಹುಪಾಲು ಸಿದ್ಧವಾದ ಮೇಲೆ ಭೂವಿಜ್ಞಾನಿಗಳು ಪಟ್ಟು ಹಿಡಿದು ಆ ಬ್ಯಾಂಡನ್ನು ಸೇರಿಸಿಕೊಂಡರು. ಉಳಿದ ಆರು ಬ್ಯಾಂಡ್‌ಗಳಿಂದ ಬೆಳೆ, ನೀರು, ಕಾಡುಗಳವರ ಕೆಲಸ ನಡೆಯುತ್ತಿತ್ತು. ಬಂಡೆ ನೋಡುವವರಿಗೆ ಮಾತ್ರ 2.2 ಮೈಕ್ರಾನಿನ ಆಸುಪಾಸಿನ ಬೆಳಕು ಇಲ್ಲದೆ ಜೇಡಿಮಣ್ಣಿನ ಖನಿಜಗಳು ಕಾಣುತ್ತಿರಲಿಲ್ಲ. ಈ ತಿಳಿವಳಿಕೆ ಅವರಿಗೆ ಬಂದದ್ದು ನೆವಾಡಾ ರಾಜ್ಯದ ಮರುಭೂಮಿಯಲ್ಲಿ, ಒಂದಕ್ಕೊಂದು ಹತ್ತಿರದಲ್ಲೇ ಇರುವ ಎರಡು ಹಳೆಯ ಗಣಿ ಪ್ರದೇಶಗಳಲ್ಲಿ.

ಮೊದಲನೆಯದು ಗೋಲ್ಡ್‌ಫೀಲ್ಡ್. ಹೆಸರೇ ಹೇಳುವಂತೆ ಚಿನ್ನದ ಊರು. ಭೂಮಿಯೊಳಗಿಂದ ಬಂದ ಬಿಸಿ, ಆಮ್ಲೀಯ ನೀರು ಜ್ವಾಲಾಮುಖಿ ಬಂಡೆಗಳ ಬಿರುಕುಗಳಲ್ಲಿ ಹರಿದು ಅವುಗಳನ್ನು ಕೊಳೆಸಿತ್ತು. ಅಂಥ ಕಡೆ ಬಂಡೆಯ ಫೆಲ್ಡ್‌ಸ್ಪಾರ್ ಜೇಡಿಯಾಗಿ ಮಾರ್ಪಡುತ್ತದೆ. ಬಂಡೆಯಲ್ಲಿದ್ದ ಪೈರೈಟ್ ಗಾಳಿ ಮಳೆಗೆ ಒಡ್ಡಿಕೊಂಡಾಗ ತುಕ್ಕು ಹಿಡಿದು ಹಳದಿ, ಕಂದು, ಕೆಂಪು ಕಲೆ ಬಿಡುತ್ತದೆ. ಅದಿರು ಹುಡುಕುವವನಿಗೆ ಇವೆರಡೂ ಸುಳಿವುಗಳೇ. 1972ರಲ್ಲಿ ಲ್ಯಾಂಡ್‌ಸ್ಯಾಟ್ 1 ಮೇಲೇರಿದ ಎರಡೇ ವರ್ಷಕ್ಕೆ ಲಾರೆನ್ಸ್ ರೋವನ್ ಮತ್ತು ಸಂಗಡಿಗರು ಅದರ ಚಿತ್ರಗಳಲ್ಲಿ ಒಂದು ಬ್ಯಾಂಡನ್ನು ಇನ್ನೊಂದರಿಂದ ಭಾಗಿಸಿ, ಬಂದ ಉತ್ತರಗಳನ್ನು ಬಣ್ಣಗಳಾಗಿ ಜೋಡಿಸಿ, ಗೋಲ್ಡ್‌ಫೀಲ್ಡಿನ ಮಾರ್ಪಟ್ಟ ಬಂಡೆಗಳನ್ನು ಗುರುತಿಸಿ ತೋರಿಸಿದರು. ಆದರೆ ಆ ಉಪಗ್ರಹದ ನೋಟ 1.1 ಮೈಕ್ರಾನಿಗೆ ನಿಂತುಹೋಗುತ್ತಿತ್ತು. ಹಾಗಾಗಿ ಅದಕ್ಕೆ ಕಂಡದ್ದು ಬರೀ ತುಕ್ಕು. ತುಕ್ಕಿಲ್ಲದ, ಬಿಳಿಚಿಕೊಂಡ ಜೇಡಿ ಬಂಡೆ ಅದರ ಕಣ್ಣು ತಪ್ಪಿಸಿಕೊಳ್ಳುತ್ತಿತ್ತು. ಮಾರ್ಪಾಡಿಗೆ ಸಂಬಂಧವೇ ಇಲ್ಲದ, ಸುಮ್ಮನೆ ಕೆಂಪಗಿರುವ ಬಂಡೆಯೋ ಸುಳ್ಳು ಸುಳಿವಾಗಿ ಎದ್ದು ಕಾಣುತ್ತಿತ್ತು.

ಎರಡನೆಯದು ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಕ್ಯೂಪ್ರೈಟ್. ಇಲ್ಲಿ ಸಂಶೋಧಕರು ವಿಮಾನಕ್ಕೆ ಅಳವಡಿಸಿದ, 0.46ರಿಂದ 2.36 ಮೈಕ್ರಾನಿನವರೆಗೆ ನೋಡಬಲ್ಲ ಸ್ಕ್ಯಾನರ್ ಬಳಸಿದರು. ಮೈಕೆಲ್ ಅಬ್ರಾಮ್ಸ್, ರೋವನ್, ಅಲೆಕ್ಸಾಂಡರ್ ಗೋಟ್ಸ್ ಮುಂತಾದವರು 1977ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. 1.6 ಮೈಕ್ರಾನಿನ ಬೆಳಕನ್ನು 2.2 ಮೈಕ್ರಾನಿನದರಿಂದ ಭಾಗಿಸಿದರೆ ಜೇಡಿ ಖನಿಜಗಳಿರುವ ಬಂಡೆ ಹೊಳೆಯುತ್ತಿತ್ತು, ತುಕ್ಕು ಇರಲಿ ಬಿಡಲಿ. ಏಳನೇ ಬ್ಯಾಂಡಿನ ವಾದಕ್ಕೆ ಬಲ ಬಂದದ್ದು ಇಂಥ ಕೆಲಸದಿಂದ.

ಜೇಡಿಗೂ ಕಬ್ಬಿಣಕ್ಕೂ ಬೆಳಕಿನ ಬೇರೆ ಬೇರೆ ಭಾಗ ಏಕೆ ಬೇಕು? ತುಕ್ಕಿನಲ್ಲಿರುವ ಕಬ್ಬಿಣ, ಅಂದರೆ ಹೆಮಟೈಟ್ ಮತ್ತು ಗೋಥೈಟ್ ಖನಿಜಗಳ ಕಬ್ಬಿಣ, ತನ್ನ ಇಲೆಕ್ಟ್ರಾನುಗಳ ಮೂಲಕ ಬೆಳಕನ್ನು ಹೀರುತ್ತದೆ. ನೀಲಿಯನ್ನು ಬಲವಾಗಿ ಹೀರಿ ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ತುಕ್ಕು ಕೆಂಪಗೆ ಕಾಣುವುದು ಇದರಿಂದಲೇ. ಹಾಗಾಗಿ ಕೆಂಪು ಬ್ಯಾಂಡನ್ನು ನೀಲಿಯಿಂದ ಭಾಗಿಸಿದರೆ ದೊಡ್ಡ ಸಂಖ್ಯೆ ಬರುತ್ತದೆ. ಜೇಡಿ ಖನಿಜದಲ್ಲಿ ಹೀರುವುದು ಇಲೆಕ್ಟ್ರಾನ್ ಅಲ್ಲ. ಕೇಯೊಲಿನೈಟ್‌ನಂಥ ಖನಿಜದ ಹರಳಿನೊಳಗೆ ಅಲ್ಯೂಮಿನಿಯಂಗೆ ಅಂಟಿಕೊಂಡ ಆಮ್ಲಜನಕ-ಜಲಜನಕದ ಜೋಡಿ ಸದಾ ಕಂಪಿಸುತ್ತಿರುತ್ತದೆ. ಹಿಗ್ಗುವ ಕಂಪನವೂ ಬಾಗುವ ಕಂಪನವೂ ಕೂಡಿದಾಗ ಅದು 2.2 ಮೈಕ್ರಾನಿನ ಹತ್ತಿರದ ಬೆಳಕನ್ನು ನುಂಗುತ್ತದೆ. 1.6 ಮೈಕ್ರಾನಿನ ಬೆಳಕಿನ ಗೊಡವೆಗೆ ಅದು ಹೋಗುವುದಿಲ್ಲ. ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ. ಭಾಗಿಸಿದರೆ ಒಂದಕ್ಕಿಂತ ದೊಡ್ಡ ಸಂಖ್ಯೆ. ಜೇಡಿ ಹೀರುವ ಜಾಗಗಳು 1.4 ಮತ್ತು 1.9 ಮೈಕ್ರಾನಿನ ಬಳಿಯೂ ಇವೆ. ಆದರೆ ಅಲ್ಲಿ ವಾತಾವರಣದ ನೀರಾವಿಯೇ ಬೆಳಕನ್ನು ತಡೆದುಬಿಡುವುದರಿಂದ ಉಪಗ್ರಹಕ್ಕೆ ಉಪಯೋಗವಿಲ್ಲ.

ಸರಿ, ಆದರೆ ಭಾಗಾಕಾರವೇ ಏಕೆ? 2.2 ಮೈಕ್ರಾನಿನ ಚಿತ್ರದಲ್ಲಿ ಕಪ್ಪಾಗಿರುವ ಜಾಗವೆಲ್ಲ ಜೇಡಿ ಎಂದುಬಿಡಬಾರದೇ? ಬಾರದು, ಏಕೆಂದರೆ ನೆರಳೂ ಕಪ್ಪು, ಬಸಾಲ್ಟೂ ಕಪ್ಪು. ಬಿಸಿಲಲ್ಲಿ ಹಾಸಿದ ಕೆಂಪು ಸೀರೆಯ ಒಂದು ತುದಿ ಮರದ ನೆರಳಿಗೆ ಬಿದ್ದರೂ ಅದು ಕೆಂಪು ಸೀರೆಯೇ ಎಂದು ನಮ್ಮ ಕಣ್ಣಿಗೆ ಗೊತ್ತು. ಉಪಗ್ರಹಕ್ಕೆ ಅಷ್ಟನ್ನು ಕಲಿಸುವುದೇ ಭಾಗಾಕಾರದ ಕೆಲಸ.

ಲೆಕ್ಕಕ್ಕೆಂದು ಕೆಲವು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಒಂದು ಜೇಡಿ ಬಂಡೆ 1.6 ಮೈಕ್ರಾನಿನ ಬೆಳಕಿನಲ್ಲಿ ನೂರಕ್ಕೆ 60 ಪಾಲನ್ನೂ 2.2ರಲ್ಲಿ 45 ಪಾಲನ್ನೂ ಹಿಂದಿರುಗಿಸುತ್ತದೆ ಎನ್ನೋಣ. 0.60ನ್ನು 0.45ರಿಂದ ಭಾಗಿಸಿದರೆ 1.33. ಅದೇ ಬಂಡೆ ಗುಡ್ಡದ ಆಚೆ ಮಗ್ಗುಲಲ್ಲಿ, ಅರ್ಧ ಬಿಸಿಲಷ್ಟೇ ಬೀಳುವಲ್ಲಿ, 0.30 ಮತ್ತು 0.225 ಕೊಡುತ್ತದೆ. ಭಾಗಿಸಿದರೆ ಮತ್ತೆ 1.33. ಬಿಸಿಲು ಅಂಶದಲ್ಲೂ ಛೇದದಲ್ಲೂ ಇದ್ದುದರಿಂದ ಹೊಡೆದುಹೋಯಿತು. ಹೆಮಟೈಟ್ ಲೇಪಿಸಿಕೊಂಡ ಕೆಂಪು ಬಂಡೆಯೊಂದು ಅದೇ ಬ್ಯಾಂಡ್‌ಗಳಲ್ಲಿ 0.30 ಮತ್ತು 0.29 ಕೊಟ್ಟರೆ ಅನುಪಾತ 1.03, ಅಂದರೆ ಜೇಡಿಯ ಲಕ್ಷಣವಿಲ್ಲ. ಆದರೆ ಅದು ಕೆಂಪಿನಲ್ಲಿ 0.15, ನೀಲಿಯಲ್ಲಿ 0.05 ಕೊಡುವುದರಿಂದ ಕಬ್ಬಿಣದ ಅನುಪಾತ 3.0. ಬಿಳಿ ಜೇಡಿಯಲ್ಲಿ ಇದೇ ಭಾಗಾಕಾರ 0.45ಕ್ಕೆ 0.35, ಅಂದರೆ 1.29. ಹೀಗೆ ಎರಡು ಭಾಗಾಕಾರ ಮಾಡುವಷ್ಟರಲ್ಲಿ ಎರಡು ಬಂಡೆಗಳೂ ತಮ್ಮ ತಮ್ಮ ದಾರಿ ಹಿಡಿದವು.

ಈಗ ಬಳಕೆಯಲ್ಲಿರುವ ಲ್ಯಾಂಡ್‌ಸ್ಯಾಟ್ 8 ಮತ್ತು 9ರಲ್ಲಿ ಬ್ಯಾಂಡ್ ಸಂಖ್ಯೆಗಳು ಬದಲಾಗಿವೆ. ನೀಲಿ 2, ಕೆಂಪು 4, 1.6 ಮೈಕ್ರಾನಿನದು 6. ಏಳನೆಯದು ಮಾತ್ರ ಏಳಾಗಿಯೇ ಉಳಿದಿದೆ, ಈ ಬಾರಿ ಕ್ರಮವಾಗಿಯೇ. ಚಿತ್ರಗಳು ಉಚಿತವಾಗಿ ಸಿಗುತ್ತವೆ, ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶದ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು ಎಂದು ತೋರುತ್ತದೆ. ಎಡವುವುದು ಅಲ್ಲೇ. ಮೇಲಿನ ಲೆಕ್ಕದಲ್ಲಿ ನೆರಳು ಹೊಡೆದುಹೋದದ್ದು ಬಿಸಿಲು ಬರೀ ಗುಣಾಕಾರವಾಗಿ ಸೇರಿದ್ದರಿಂದ. ಎಲ್ಲಿಂದಲೋ ಒಂದು ಸಂಕಲನ ನುಸುಳಿದರೆ ಭಾಗಾಕಾರ ಅದನ್ನು ಕಳೆಯಲಾರದು. ಇಂದಿನ ಲ್ಯಾಂಡ್‌ಸ್ಯಾಟ್ ಕಡತಗಳಲ್ಲಿ ಅಂಥ ಸಂಕಲನ ಮೊದಲೇ ಕುಳಿತಿರುತ್ತದೆ. ಕಡತದಲ್ಲಿರುವುದು ನೇರ ಪ್ರತಿಫಲನವಲ್ಲ, 0.2 ಕೂಡಿಸಿ, ದೊಡ್ಡ ಪೂರ್ಣಾಂಕವಾಗಿ ಬರೆದ ಸಂಖ್ಯೆ. ಅದನ್ನು ಬಿಡಿಸದೆ ಹಾಗೇ ಭಾಗಿಸಿದರೆ ನಮ್ಮ ಜೇಡಿ ಬಂಡೆಯ ಬಿಸಿಲು ಮಗ್ಗುಲು 0.80ಕ್ಕೆ 0.65, ಅಂದರೆ 1.23 ಆಗುತ್ತದೆ. ನೆರಳಿನ ಮಗ್ಗುಲು 0.50ಕ್ಕೆ 0.425, ಅಂದರೆ 1.18. ಒಂದೇ ಬಂಡೆ ಎರಡು ಉತ್ತರ ಕೊಟ್ಟಿತು, ಎರಡೂ ತಪ್ಪು. ಆದ್ದರಿಂದ ಹೀಗೆ ಬರೆಯಬೇಕು:

```
clay = (SR_B6 * 0.0000275 - 0.2) / (SR_B7 * 0.0000275 - 0.2)
iron = (SR_B4 * 0.0000275 - 0.2) / (SR_B2 * 0.0000275 - 0.2)
```

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಕಡತಗಳಲ್ಲೂ 2022ರ ಜನವರಿಯಿಂದ ಇಂಥದೇ ಒಂದು ಕೂಡಿಕೆ ಸೇರಿದೆ. ಹಳೆಯ ಮತ್ತು ಹೊಸ ಚಿತ್ರಗಳನ್ನು ಒಟ್ಟಿಗೆ ಬಳಸುವವರು ಇದನ್ನು ಮರೆತರೆ, ನೆಲದಲ್ಲಿ ಏನೂ ಆಗದಿದ್ದರೂ ಜೇಡಿ ಕಡಿಮೆಯಾಯಿತೆಂಬ ನಕ್ಷೆ ಸಿದ್ಧವಾಗುತ್ತದೆ.

ವಾತಾವರಣವೂ ಸಂಕಲನ ಮಾಡುತ್ತದೆ. ಗಾಳಿ ಬೆಳಕನ್ನು ಚೆದುರಿಸಿ, ನೆಲವನ್ನು ಮುಟ್ಟದ ಒಂದಷ್ಟು ಬೆಳಕನ್ನು ಉಪಗ್ರಹಕ್ಕೆ ಕಳಿಸುತ್ತದೆ. ಇದು ನೀಲಿಯಲ್ಲಿ ಹೆಚ್ಚು, 2.2 ಮೈಕ್ರಾನಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಜೇಡಿಯ ಅನುಪಾತ ಅಷ್ಟಾಗಿ ಕೆಡುವುದಿಲ್ಲ, ಕಬ್ಬಿಣದ ಅನುಪಾತ ಕೆಡುತ್ತದೆ. ವಾತಾವರಣದ ಪಾಲನ್ನು ಕಳೆದು ಕೊಟ್ಟ ಚಿತ್ರಗಳಲ್ಲೂ ತೊಂದರೆ ಪೂರ್ತಿ ಹೋಗದು. ನೆರಳಿಗೆ ಬೀಳುವ ಬೆಳಕು ಬಹುಪಾಲು ಆಕಾಶದ ನೀಲಿ ಬೆಳಕೇ ಆದ್ದರಿಂದ, ಗುಡ್ಡದ ಹಿಂಬದಿಯಲ್ಲಿ ಕೆಂಪು ಬಂಡೆಯೂ ತನ್ನ ನಿಜಕ್ಕಿಂತ ಕಡಿಮೆ ಕೆಂಪಾಗಿ ಲೆಕ್ಕಕ್ಕೆ ಬರುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಸುಲಭ ಪರೀಕ್ಷೆಯಿದೆ. ಅನುಪಾತದ ಚಿತ್ರವನ್ನು ಪರದೆಯ ಮೇಲೆ ತೆರೆದು ಬೆಟ್ಟಸಾಲಿರುವ ಕಡೆ ನೋಡಿ. ಬೆಟ್ಟಗಳು ಮಾಯವಾಗಿ ನೆಲ ಚಪ್ಪಟೆಯಾಗಿ ಕಂಡರೆ ಲೆಕ್ಕ ಸರಿಯಿದೆ. ಏಣಿನ ಈಚೆ ಬೆಳಕು, ಆಚೆ ಕತ್ತಲೆ ಇನ್ನೂ ಕಾಣುತ್ತಿದ್ದರೆ ಎಲ್ಲೋ ಒಂದು ಸಂಕಲನ ಉಳಿದುಕೊಂಡಿದೆ. ನಕ್ಷೆ ಎಷ್ಟೇ ಚೆನ್ನಾಗಿ ಕಾಣಲಿ, ಅದನ್ನು ಬದಿಗಿಡಬೇಕು.

ಇಷ್ಟೆಲ್ಲ ಸರಿಪಡಿಸಿಕೊಂಡು ಕ್ಯೂಪ್ರೈಟಿನ ಚಿತ್ರ ತೆರೆಯೋಣ. ಕಬ್ಬಿಣದ ಅನುಪಾತಕ್ಕೆ ಕೆಂಪು ಬಣ್ಣ, ಜೇಡಿಯದಕ್ಕೆ ಹಸಿರು ಬಣ್ಣ ಕೊಟ್ಟು ಒಂದರ ಮೇಲೊಂದು ಇಟ್ಟರೆ ತುಕ್ಕು ಮಾತ್ರ ಇರುವಲ್ಲಿ ಕೆಂಪು, ಬಿಳಿ ಜೇಡಿ ಇರುವಲ್ಲಿ ಹಸಿರು, ಎರಡೂ ಕೂಡಿರುವಲ್ಲಿ ಹಳದಿ ಬರುತ್ತದೆ. ಗಣಿಗಾರನಿಗೆ ಹಳದಿಯೇ ಹೆಚ್ಚು ಕುತೂಹಲದ ಜಾಗ. ಕೊಳೆತ ಬಂಡೆಯಲ್ಲಿ ಜೇಡಿಯೂ ಪೈರೈಟಿನ ತುಕ್ಕೂ ಜೊತೆಗಿರುವುದು ಅಪರೂಪವೇನಲ್ಲ. ಹಾಗಾಗಿ ಜೇಡಿಯನ್ನೂ ಕಬ್ಬಿಣವನ್ನೂ ಎರಡು ಪೆಟ್ಟಿಗೆಗಳಲ್ಲಿ ಹಾಕಿ ಬೀಗ ಜಡಿಯುವ ನಕ್ಷೆಗಿಂತ, ಎರಡನ್ನೂ ಎರಡು ಅಳತೆಗೋಲುಗಳಾಗಿ ಉಳಿಸಿಕೊಳ್ಳುವ ನಕ್ಷೆಯೇ ಮೇಲು ಎಂದು ನನ್ನ ಎಣಿಕೆ.

ಕ್ಯೂಪ್ರೈಟಿನಲ್ಲಿ ಹೆದ್ದಾರಿಯ ಎರಡೂ ಬದಿಗೆ ಒಂದೊಂದು ಮಾರ್ಪಾಡಿನ ಕೇಂದ್ರವಿದೆ. ನಡುವಿನ ತಿರುಳಿನಲ್ಲಿ ಬಂಡೆಯ ಬಹುಭಾಗ ಗಟ್ಟಿ ಸಿಲಿಕಾ ಆಗಿಬಿಟ್ಟಿದೆ. ಅದರ ಸುತ್ತ ಓಪಲ್, ಆಲ್ಯುನೈಟ್ ಮತ್ತು ಕೇಯೊಲಿನೈಟ್ ಇರುವ ವಲಯ. ಅದರಾಚೆ ಬರೀ ಜೇಡಿಯಾದ ಅಂಚು. ಜೇಡಿಯ ಅನುಪಾತದಲ್ಲಿ ನಡುವಿನ ವಲಯ ಜೋರಾಗಿ ಹೊಳೆಯುತ್ತದೆ, ಸಿಲಿಕಾ ತಿರುಳು ಮಂಕಾಗಿರುತ್ತದೆ. ಅಂದರೆ ಬಿಸಿನೀರಿನ ಹೊಡೆತಕ್ಕೆ ಅತಿ ಹೆಚ್ಚು ಸಿಕ್ಕಿದ ಬಂಡೆಯೇ ಇಲ್ಲಿ ಕಡಿಮೆ ಅಂಕ ಪಡೆಯುತ್ತದೆ. ಅತಿ ಹೊಳೆಯುವ ಜಾಗಕ್ಕೆ ಮೊದಲು ಗುದ್ದಲಿ ಹಾಕುವವನು ಕೇಂದ್ರವನ್ನು ಬಿಟ್ಟು ಅದರ ಉಂಗುರವನ್ನು ಅಗೆಯುತ್ತಾನೆ.

ಇನ್ನೊಂದು ಮಿತಿ: ಈ ಅನುಪಾತಕ್ಕೆ ಕೇಯೊಲಿನೈಟ್ ಯಾವುದು, ಆಲ್ಯುನೈಟ್ ಯಾವುದು, ಬಿಳಿ ಅಭ್ರಕ ಯಾವುದು ಎಂಬುದು ತಿಳಿಯದು. ಮೂರೂ 2.2ರ ಸುತ್ತಮುತ್ತ ಹೀರುತ್ತವೆ. ಏಳನೇ ಬ್ಯಾಂಡಿನ ಅಗಲವಾದ ಕಿಟಕಿಯೊಳಗೆ ಮೂರೂ ಒಂದೇ. ಅವುಗಳನ್ನು ಬೇರ್ಪಡಿಸಲು ಆ ಕಿಟಕಿಯನ್ನೇ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಬೇಕು. 1999ರ ಕೊನೆಯಲ್ಲಿ ಹಾರಿದ ಟೆರಾ ಉಪಗ್ರಹದ ಆಸ್ಟರ್ ಉಪಕರಣದಲ್ಲಿ 1.6ರಿಂದ 2.4 ಮೈಕ್ರಾನಿನ ನಡುವೆ ಆರು ಬ್ಯಾಂಡ್‌ಗಳಿದ್ದವು. ಆ ಭಾಗ 2008ರಲ್ಲಿ ಕೆಟ್ಟುಹೋಯಿತು. ಅದಕ್ಕೆ ಮೊದಲಿನ ಆಸ್ಟರ್ ಚಿತ್ರಗಳನ್ನು ಭೂವಿಜ್ಞಾನಿಗಳು ಇಂದಿಗೂ ಹುಡುಕಿ ಬಳಸುತ್ತಾರೆ.

ಕ್ಯೂಪ್ರೈಟಿನಲ್ಲಿ ಈ ವಿದ್ಯೆ ಇಷ್ಟು ಚೆನ್ನಾಗಿ ನಡೆಯಲು ಮುಖ್ಯ ಕಾರಣ ಅಲ್ಲಿ ಗಿಡಮರ ಇಲ್ಲದಿರುವುದು. ಹಸಿರೆಲೆಯೊಳಗಿನ ನೀರು 1.6 ಮೈಕ್ರಾನಿಗಿಂತ 2.2ರಲ್ಲಿ ಹೆಚ್ಚು ಬೆಳಕನ್ನು ಹೀರುತ್ತದೆ. ಒಂದು ದಟ್ಟ ಹಸಿರು ತೋಪು 0.25 ಮತ್ತು 0.10 ಕೊಟ್ಟರೆ ಅನುಪಾತ 2.5. ನಮ್ಮ ಜೇಡಿ ಬಂಡೆಯ 1.33 ಅದರ ಮುಂದೆ ಏನೂ ಅಲ್ಲ. ಮಲೆನಾಡಿನ ಚಿತ್ರಕ್ಕೆ ಈ ಸೂತ್ರವನ್ನು ಹಾಗೇ ಹಾಕಿದರೆ ಇಡೀ ಕಾಡು ಜೇಡಿಗಣಿಯಾಗಿ ಹೊಳೆಯುತ್ತದೆ! ಆದ್ದರಿಂದ ಮೊದಲು ಹಸಿರಿನ ಸೂಚ್ಯಂಕ ಎನ್‌ಡಿವಿಐ ಲೆಕ್ಕ ಹಾಕಿ, ಅದು ಸುಮಾರು 0.2 ಅಥವಾ 0.3 ದಾಟಿದ ಜಾಗವನ್ನೆಲ್ಲ ನಕ್ಷೆಯಿಂದ ಅಳಿಸುತ್ತಾರೆ. ಒಣಹುಲ್ಲು ಇದಕ್ಕೂ ಸಿಗುವುದಿಲ್ಲ. ಅದರಲ್ಲಿ ಹಸಿರಿಲ್ಲದ್ದರಿಂದ ಎನ್‌ಡಿವಿಐ ಅದನ್ನು ಹಿಡಿಯದು. ಆದರೆ ನಾರಿನ ಸೆಲ್ಯುಲೋಸ್ 2.1 ಮತ್ತು 2.3 ಮೈಕ್ರಾನಿನ ಬಳಿ ಹೀರುವುದರಿಂದ ಜೇಡಿಯ ಅನುಪಾತ ಮಾತ್ರ ಏರಿರುತ್ತದೆ.

ಕಬ್ಬಿಣದ ಅನುಪಾತವೂ ಹೆಸರಿಗೆ ತಕ್ಕಂತಿಲ್ಲ. ಅದು ಅಳೆಯುವುದು ಬಂಡೆಯಲ್ಲಿ ಎಷ್ಟು ಕಬ್ಬಿಣವಿದೆ ಎಂಬುದನ್ನಲ್ಲ, ಬಂಡೆಯ ಮೈ ಎಷ್ಟು ತುಕ್ಕಿನ ಬಣ್ಣಕ್ಕಿದೆ ಎಂಬುದನ್ನು. ಬೆಳಕು ಕಲ್ಲಿನೊಳಗೆ ಒಂದು ಮಿಲಿಮೀಟರಿನಷ್ಟೂ ಇಳಿಯುವುದಿಲ್ಲ, ಹಾಗಾಗಿ ಮೈಯ ಲೇಪವೇ ಸರ್ವಸ್ವ. ಹೊಸದಾಗಿ ಒಡೆದ ಬಸಾಲ್ಟಿನಲ್ಲಿ ಕಬ್ಬಿಣ ಧಾರಾಳವಾಗಿದ್ದರೂ ಅದು ತುಕ್ಕಾಗಿಲ್ಲದ್ದರಿಂದ ಅನುಪಾತ ಏರುವುದಿಲ್ಲ. ಕಪ್ಪು ಮ್ಯಾಗ್ನಟೈಟ್ ಎಲ್ಲ ಬಣ್ಣವನ್ನೂ ಒಂದೇ ಸಮ ನುಂಗುತ್ತದೆ. ಹೆಮಟೈಟ್ ಕೂಡ ಗಟ್ಟಿ ಅದಿರಾಗಿದ್ದಾಗ ಉಕ್ಕಿನ ಬೂದು ಬಣ್ಣಕ್ಕಿರುತ್ತದೆ, ಪುಡಿಯಾದಾಗ ಮಾತ್ರ ಕೆಂಪು. ಸಂಡೂರಿನ ಕಡೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೆಂಪಗಿರುವುದು ರಸ್ತೆ, ಲಾರಿ, ಮರದೆಲೆ, ಮನೆಯ ಹೆಂಚು. ಅಂಥ ಊರಿನ ಮೇಲೆ ಕೆಂಪು-ನೀಲಿ ಅನುಪಾತ ಹಾಕಿದರೆ ಅದಿರಿನ ಬಂಡೆಗಿಂತ ಅದಿರಿನ ದೂಳು, ಸಾಗಣೆಯ ದಾರಿ, ತ್ಯಾಜ್ಯದ ರಾಶಿಗಳೇ ಮುಂದೆ ಬರುವ ಸಾಧ್ಯತೆ ಹೆಚ್ಚು. ಅಕ್ರಮ ಗಣಿಯ ಜಾಡು ಹಿಡಿಯುವವನಿಗೆ ಅದೂ ಒಂದು ಮಾಹಿತಿಯೇ, ಆದರೆ ಬಂಡೆಯ ನಕ್ಷೆ ಬರೆಯುವವನಿಗೆ ಅಲ್ಲ.

ನಮ್ಮ ನಾಡಿನಲ್ಲಿ ಜೇಡಿ ಮತ್ತು ಕಬ್ಬಿಣ ಒಂದರ ಮೇಲೊಂದು ಕುಳಿತಿರುವ ಜಾಗ ಕರಾವಳಿ. ಮೇಲೆ ಮನೆ ಕಟ್ಟಲು ಕತ್ತರಿಸುವ ಮುರಕಲ್ಲು, ಕಬ್ಬಿಣ ತುಂಬಿದ್ದು. ಅದರಡಿಯಲ್ಲಿ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಶೇಡಿಮಣ್ಣು ಎನ್ನುವ ಬಿಳಿ, ನಸುಗೆಂಪು, ಹಳದಿ ಮಿಶ್ರಿತ ಜೇಡಿ, ಕೇಯೊಲಿನೈಟ್ ಹೇರಳವಾಗಿರುವುದು. ಮಳೆಗಾಲದಲ್ಲಿ ರಸ್ತೆಗೆ ಕಡಿದ ಗುಡ್ಡ ಕುಸಿದಾಗ ಕೆಳಗೆ ಜಾರುವುದು ಸಾಮಾನ್ಯವಾಗಿ ಇದೇ ಶೇಡಿ. ಎಲ್ಲೆಲ್ಲಿ ಮುರಕಲ್ಲಿನ ಹೊದಿಕೆ ಕಿತ್ತುಹೋಗಿ ಶೇಡಿ ಬಯಲಾಗಿದೆ ಎಂಬ ನಕ್ಷೆ ಕುಸಿತದ ಲೆಕ್ಕ ಹಾಕುವವರಿಗೆ ಬೇಕಾದದ್ದೇ. ಎರಡು ಭಾಗಾಕಾರಗಳಿಗೆ ಇದಕ್ಕಿಂತ ತಕ್ಕ ಪ್ರಶ್ನೆ ಬೇರೆ ಇಲ್ಲವೆನ್ನಿಸುತ್ತದೆ.

ಉತ್ತರ ಮಾತ್ರ ಸುಲಭವಿಲ್ಲ. ಲ್ಯಾಂಡ್‌ಸ್ಯಾಟಿನ ಒಂದು ಚುಕ್ಕಿ ನೆಲದಲ್ಲಿ 30 ಮೀಟರಿಗೆ 30 ಮೀಟರು, ಹೆಚ್ಚುಕಡಿಮೆ ಒಂಬತ್ತು ಗುಂಟೆ. ರಸ್ತೆ ಬದಿಯ ಕಡಿತ ಅದರೊಳಗೆ ಎಲ್ಲೋ ಒಂದು ಗೀಟಾಗಿ ಕರಗಿಹೋಗುತ್ತದೆ, ಮೇಲಾಗಿ ಅದು ಲಂಬವಾಗಿ ನಿಂತಿರುವ ಗೋಡೆ; ಮೇಲಿನಿಂದ ನೋಡುವವನಿಗೆ ಅದರ ಮುಖವೇ ಕಾಣದು. ಸೆಂಟಿನೆಲ್-2ರಲ್ಲಿ ಜೇಡಿಯ ಅನುಪಾತದ ಬ್ಯಾಂಡ್‌ಗಳ ಚುಕ್ಕಿ 20 ಮೀಟರಿನದು, ಅಂದರೆ ನಾಲ್ಕು ಗುಂಟೆ. ಶೇಡಿಯವರೆಗೆ ತೋಡಿದ ದೊಡ್ಡ ಕಲ್ಲುಕೋರೆಯ ತಳ ಅದಕ್ಕೆ ಸಿಗಬಹುದು. ನಮ್ಮದೇ ಐಆರ್‌ಎಸ್ ಉಪಗ್ರಹಗಳ ಲಿಸ್-3 ಕ್ಯಾಮರಾ 23.5 ಮೀಟರಿನ ಚುಕ್ಕಿ ಕೊಟ್ಟರೂ ಅದರ ನಾಲ್ಕು ಬ್ಯಾಂಡ್‌ಗಳು ಹಸಿರಿನಿಂದ 1.7 ಮೈಕ್ರಾನಿಗೆ ಮುಗಿಯುತ್ತವೆ. ನೀಲಿಯೂ ಇಲ್ಲ, 2.2 ಮೈಕ್ರಾನೂ ಇಲ್ಲ. ಜೇಡಿಯ ಭಾಗಾಕಾರಕ್ಕೆ ಛೇದವೇ ಇಲ್ಲದಂತಾಯಿತು.

ಋತುವಿನ ಆಯ್ಕೆಯೂ ಇಕ್ಕಟ್ಟಿನದು. ಜೂನ್‌ನಿಂದ ಮೋಡ, ಅದು ಸರಿದ ಮೇಲೆ ಹಸಿರು. ಪದವುಗಳ ಕಲ್ಲುಹಾಸು ಬೋಳಾಗುವುದು ಫೆಬ್ರವರಿಯಿಂದೀಚೆಗೆ, ಆಗ ಅವುಗಳ ಮೇಲೆ ಒಣಹುಲ್ಲು. ಇಂಥಲ್ಲಿ ಜೇಡಿಯ ಅನುಪಾತ 1.2 ಬಂದರೆ ಅದು ಶೇಡಿಯೋ, ಮುರಕಲ್ಲಿನಲ್ಲೇ ಬೆರೆತ ಜೇಡಿಯೋ, ಹುಲ್ಲೋ ಎಂದು ಸಂಖ್ಯೆಯೊಂದೇ ಹೇಳಲಾರದು. ಹುಲ್ಲಿನ ಪಾಲನ್ನು ತಿಳಿಯಲು ನಾನು ನಂಬುವ ದಾರಿಯೆಂದರೆ ಒಂದೇ ಜಾಗವನ್ನು ಎರಡು ಕಾಲದಲ್ಲಿ ನೋಡುವುದು: ಹುಲ್ಲಿಗೆ ಬೆಂಕಿ ಬೀಳುವ ಮೊದಲಿನ ಚಿತ್ರ, ಸುಟ್ಟ ಕರಿ ತೊಳೆದುಹೋಗಿ ಹೊಸ ಹುಲ್ಲು ಏಳುವ ಮೊದಲಿನ ಚಿತ್ರ. ಬೇಸಗೆಯ ಮಳೆಯೊಂದು ಬಿದ್ದು, ಮತ್ತೆ ನಾಲ್ಕು ದಿನ ಬಿಸಿಲು ಕಾದ ಹೊತ್ತಿಗೆ ಉಪಗ್ರಹ ತಲೆಯ ಮೇಲೆ ಹಾದರೆ ಅಂಥ ಜೋಡಿ ಸಿಗುತ್ತದೆ. ಎರಡರಲ್ಲೂ ಅನುಪಾತ ಬದಲಾಗದೆ ನಿಂತ ಚುಕ್ಕಿಗಳನ್ನು ಮಾತ್ರ ಪಟ್ಟಿ ಮಾಡಿಕೊಂಡು, ಜಿಪಿಎಸ್ ಹಿಡಿದು ಹೋಗಿ, ಮೇಲಿನ ಪುಡಿಯನ್ನು ಚೀಲಕ್ಕೆ ತುಂಬಿ ಎಕ್ಸ್‌ರೇ ಪರೀಕ್ಷೆಗೆ ಕಳಿಸಬೇಕು. ಅನುಪಾತ ಕಡಿಮೆ ಬಂದ ಕಡೆಯಿಂದಲೂ ಕೆಲವು ಚೀಲ ತರಬೇಕು. ಇಲ್ಲದಿದ್ದರೆ ನಕ್ಷೆ ಎಲ್ಲಿ ಜೇಡಿಯನ್ನು ಕಾಣದೆ ಹೋಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.